ಆಡ್ ಅಕೌಂಟ್ ಬಿಟ್ಟು ಹೋಗೋ ಮುಂಚೆ ಹ್ಯಾಂಡೋವರ್ ನೋಟ್ ಬರೆಯೋದು ಹೇಗೆ

ಗೂಗಲ್ ಆಡ್ಸ್ ಅಕೌಂಟಲ್ಲಿ ಏನು ಬದಲಾಯ್ತು, ಯಾವತ್ತು ಬದಲಾಯ್ತು, ಯಾರು ಬದಲಾಯಿಸಿದ್ರು ಅನ್ನೋದೆಲ್ಲ ಚೇಂಜ್ ಹಿಸ್ಟರಿ ತೆಗೆದ್ರೆ ಸಿಗತ್ತೆ, ಎರಡು ವರ್ಷ ಹಿಂದಿನವರೆಗೂ ನೋಡ್ಬಹುದು. ಅಲ್ಲಿ ಸಿಗದೇ ಇರೋದು ಒಂದೇ, ಯಾಕೆ ಬದಲಾಯಿಸಿದ್ರು ಅನ್ನೋದು. ನಿಮ್ಮ ನಂತರ ಅಕೌಂಟ್ ನೋಡ್ಕೊಳ್ಳೋರಿಗೆ ಬರೆದಿಡೋ ಹ್ಯಾಂಡೋವರ್ ನೋಟ್ ಇರೋದೇ ಆ ಒಂದಕ್ಕೋಸ್ಕರ. ಆದ್ರೆ ಬಹಳಷ್ಟು ನೋಟ್ ನೋಡಿದ್ರೆ ಕ್ಯಾಂಪೇನ್ ಹೆಸರು, ಬಜೆಟ್, ಲಾಗಿನ್ ಯಾರ ಹತ್ರ ಇದೆ ಇಷ್ಟೇ ಇರತ್ತೆ, ಅದನ್ನ ಹೊಸಬರು ಅಕೌಂಟ್ ಓಪನ್ ಮಾಡಿದ ಹತ್ತು ನಿಮಿಷದಲ್ಲಿ ತಾವೇ ನೋಡ್ಕೊಳ್ತಾರೆ.

ಅದಕ್ಕೆ ಬರೆಯೋಕೆ ಕೂರೋ ಮುಂಚೆ ಒಂದು ಕೆಲಸ ಮಾಡಿ. ಅಕೌಂಟನ್ನ ಮೊದಲ ಸಲ ನೋಡ್ತಾ ಇರೋರ ಥರ ಮೇಲಿಂದ ಕೆಳಗೆ ನೋಡ್ಕೊಂಡು ಹೋಗಿ, ಪ್ರತಿ ಕಡೆ ಒಂದೇ ಪ್ರಶ್ನೆ ಕೇಳ್ಕೊಳ್ಳಿ: ಕೆಲಸ ಗೊತ್ತಿರೋ ಆದ್ರೆ ಈ ಅಕೌಂಟ್ ಗೊತ್ತಿಲ್ಲದ ಒಬ್ರು ಮೊದಲ ವಾರದಲ್ಲಿ ಇಲ್ಲಿ ಏನನ್ನ ಸರಿ ಮಾಡೋಕೆ ಹೋಗ್ತಾರೆ? ಅವರ ಕಣ್ಣಿಗೆ ತಪ್ಪು ಅಂತ ಕಾಣೋ ಆದ್ರೆ ಬೇಕಂತಲೇ ಹಾಗೆ ಇಟ್ಟಿರೋ ಜಾಗಗಳ ಪಟ್ಟಿನೇ ನಿಮ್ಮ ನೋಟಿನ ಅರ್ಧ. ಹೊಸಬರು ದಡ್ಡರು ಅಂತಲ್ಲ, ಬುದ್ಧಿವಂತರೇ ಬೇಗ ಬದಲಾಯಿಸ್ತಾರೆ, ಯಾಕಂದ್ರೆ ಬಂದ ತಕ್ಷಣ ಏನಾದ್ರೂ ಮಾಡಿ ತೋರಿಸ್ಬೇಕು ಅನ್ನೋ ಒತ್ತಡ ಅವರ ಮೇಲೆ ಇರತ್ತೆ.

ಪೂರ್ತಿ ವಿವರಣೆಗೆ ಒಂದೇ ಅಕೌಂಟ್ ಉದಾಹರಣೆ ಇಟ್ಕೊಳ್ತೀನಿ. ಒಂದು ಸಾಫ್ಟ್‌ವೇರ್ ಮಾರೋ ಕಂಪನಿ ಅಂದ್ಕೊಳ್ಳಿ. ಆಡ್ ಕ್ಲಿಕ್ ಮಾಡಿದವರು ಡೆಮೊ ಫಾರ್ಮ್ ತುಂಬ್ತಾರೆ, ಸೇಲ್ಸ್ ಟೀಮ್ ಫೋನ್ ಮಾಡಿ ಮಾತಾಡತ್ತೆ, ನಿಜವಾಗ್ಲೂ ಕೊಳ್ಳೋ ಸಾಧ್ಯತೆ ಇರೋರನ್ನ ಸಿಆರ್‌ಎಂನಲ್ಲಿ ಕ್ವಾಲಿಫೈಡ್ ಅಂತ ಗುರುತು ಹಾಕತ್ತೆ, ಆ ಗುರುತು ರಾತ್ರಿ ಒಂದು ಶೀಟ್ ಮೂಲಕ ಗೂಗಲ್ ಆಡ್ಸಿಗೆ ಆಫ್‌ಲೈನ್ ಕನ್ವರ್ಷನ್ ಆಗಿ ಅಪ್‌ಲೋಡ್ ಆಗತ್ತೆ. ಲೀಡ್ ತರೋ ಅಕೌಂಟುಗಳು ಹೆಚ್ಚುಕಮ್ಮಿ ಹೀಗೇ ಇರತ್ವೆ, ಹ್ಯಾಂಡೋವರ್ ಹೊತ್ತಲ್ಲಿ ಕೆಡೋದೂ ಇವೇ ಜಾಸ್ತಿ. ಕೆಳಗೆ ಬರೋ ಸಂಖ್ಯೆಗಳು ಉದಾಹರಣೆಗೆ ಅಷ್ಟೆ, ಕರೆನ್ಸಿ ಯಾವುದಾದ್ರೂ ಅಂದ್ಕೊಳ್ಳಿ.

ಮೊದಲು ಕನ್ವರ್ಷನ್, ಆಮೇಲೆ ಕ್ಯಾಂಪೇನ್

ಎಲ್ಲರೂ ಕ್ಯಾಂಪೇನ್ ಪಟ್ಟಿಯಿಂದ ಶುರು ಮಾಡ್ತಾರೆ, ನೀವು ಕನ್ವರ್ಷನ್ ಆಕ್ಷನ್‌ಗಳಿಂದ ಶುರು ಮಾಡಿ. ಬಿಡ್ಡಿಂಗ್ ಯಾವುದರ ಹಿಂದೆ ಓಡ್ತಾ ಇದೆ ಅಂತ ಗೊತ್ತಾಗದೆ ಉಳಿದಿದ್ದು ಯಾವುದೂ ಅರ್ಥ ಆಗಲ್ಲ.

ನಮ್ಮ ಉದಾಹರಣೆಯಲ್ಲಿ `demo_form` ಸೆಕೆಂಡರಿ, `qualified_lead` ಪ್ರೈಮರಿ. ಅಂದ್ರೆ ಒಂದು ಕನ್ವರ್ಷನ್ನಿಗೆ ಇಷ್ಟು ಖರ್ಚು ಅಂತ ಗುರಿ ಇಟ್ಟು ಓಡೋ ಟಾರ್ಗೆಟ್ ಸಿಪಿಎ ಬಿಡ್ಡಿಂಗ್ ಕಲಿಯೋದು ಕ್ವಾಲಿಫೈಡ್ ಲೀಡಿಂದ ಮಾತ್ರ, ಫಾರ್ಮ್ ತುಂಬಿದ್ದು ಬರೀ ನೋಡೋಕೆ. ಹೊಸಬರಿಗೆ ಇದು ಹೇಗೆ ಕಾಣತ್ತೆ ಗೊತ್ತಾ, ದಿನಕ್ಕೆ ಇಷ್ಟೊಂದು ಫಾರ್ಮ್ ಬರ್ತಾ ಇದೆ, `Conversions` ಕಾಲಮ್ಮಲ್ಲಿ ಒಂದೂ ಕಾಣ್ತಿಲ್ಲ, ಟ್ರ್ಯಾಕಿಂಗ್ ಕೆಟ್ಟಿರ್ಬೇಕು ಅಂತ. ಸೆಕೆಂಡರಿ ಆಕ್ಷನ್ ಆ ಕಾಲಮ್ಮಲ್ಲಿ ಸೇರಲ್ಲ, `All conv.` ಕಾಲಮ್ಮಲ್ಲಿ ಮಾತ್ರ ಬರತ್ತೆ. ಗೊತ್ತಿಲ್ಲದೆ ಅವರು `demo_form` ಅನ್ನ ಪ್ರೈಮರಿ ಮಾಡಿಬಿಟ್ರೆ ಒಬ್ಬನೇ ಮನುಷ್ಯ ಎರಡು ಸಲ ಎಣಿಕೆ ಆಗ್ತಾನೆ, ಸಿಪಿಎ ಒಂದೇ ರಾತ್ರೀಲಿ ಅದ್ಭುತವಾಗಿ ಕಾಣತ್ತೆ, ಬಿಡ್ಡಿಂಗ್ ಸುಲಭವಾಗಿ ಫಾರ್ಮ್ ತುಂಬೋ ಜನರ ಕಡೆ ತಿರುಗತ್ತೆ, ಸೇಲ್ಸ್ ಟೀಮ್ ಮೂರು ವಾರ ಆದ್ಮೇಲೆ ಲೀಡ್ ಎಲ್ಲ ಹಾಳು ಅಂತ ದೂರು ಹೇಳತ್ತೆ. ಆ ಹೊತ್ತಿಗೆ ಕಾರಣ ಯಾರಿಗೂ ನೆನಪಿರಲ್ಲ.

ಹಾಗಾಗಿ ನೋಟಲ್ಲಿ ಪ್ರತಿ ಕನ್ವರ್ಷನ್ ಆಕ್ಷನ್ ಬಗ್ಗೆ ಇಷ್ಟು ಬರೀಲೇಬೇಕು: ಅದು ಎಲ್ಲಿಂದ ಬರತ್ತೆ, ಪ್ರೈಮರಿನಾ ಸೆಕೆಂಡರಿನಾ, ಯಾಕೆ ಹಾಗೆ, ಎಷ್ಟು ದಿನ ತಡವಾಗಿ ಬರತ್ತೆ.

ಕೊನೇದು, ಆ ತಡ, ಇದರ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ಬೇಕು ನಾನು, ಯಾಕಂದ್ರೆ ಹ್ಯಾಂಡೋವರ್ ಆದ ಮೊದಲ ತಿಂಗಳಲ್ಲಿ ಅಕೌಂಟ್ ಹಾಳಾಗೋದಕ್ಕೆ ನಾನು ನೋಡಿದ ಹಾಗೆ ಇದೇ ದೊಡ್ಡ ಕಾರಣ. ಗೂಗಲ್ ಆಡ್ಸ್ ಕನ್ವರ್ಷನ್ನನ್ನ ಕ್ಲಿಕ್ ಆದ ದಿನದ ಲೆಕ್ಕಕ್ಕೆ ಹಾಕತ್ತೆ, ಕನ್ವರ್ಟ್ ಆದ ದಿನಕ್ಕಲ್ಲ. ಇವತ್ತು ಕ್ಲಿಕ್ ಮಾಡಿದವರು ಒಂಬತ್ತು ದಿನ ಆದ್ಮೇಲೆ ಕ್ವಾಲಿಫೈ ಆದ್ರೆ ಅದು ಇವತ್ತಿನ ತಾರೀಖಲ್ಲಿ ಕಾಣತ್ತೆ, ಆದ್ರೆ ಕಾಣೋದು ಒಂಬತ್ತು ದಿನ ಆದ್ಮೇಲೆ. ಅಂದ್ರೆ ಇತ್ತೀಚಿನ ಎರಡು ವಾರ ಯಾವಾಗ ನೋಡಿದ್ರೂ ಕೆಟ್ಟದಾಗೇ ಕಾಣತ್ತೆ. ನೀವು ಅದಕ್ಕೆ ಒಗ್ಗಿ ಹೋಗಿರ್ತೀರ, ನಿಮ್ಮ ತಲೇಲಿ ಆ ತಿದ್ದುಪಡಿ ತಾನಾಗೇ ನಡೀತಾ ಇರತ್ತೆ. ಹೊಸಬರ ತಲೇಲಿ ಇರಲ್ಲ.

ಅದನ್ನ ಸಂಖ್ಯೆಯಲ್ಲಿ ಬರೆದು ಕೊಡಿ. ಹಳೇ ಒಂದು ವಾರ ತಗೊಳ್ಳಿ, ಖರ್ಚು 60,000 ಆಗಿತ್ತು, ಕೊನೆಗೆ ಒಟ್ಟು 40 ಕ್ವಾಲಿಫೈಡ್ ಲೀಡ್ ಬಂತು ಅಂದ್ಕೊಳ್ಳಿ, ಸಿಪಿಎ 1,500. ಆದ್ರೆ ಆ ವಾರ ಮುಗಿದ ಮಾರನೇ ದಿನ ನೋಡಿದ್ದಿದ್ರೆ ಕಾಣ್ತಿದ್ದಿದ್ದು 18 ಮಾತ್ರ, ಸಿಪಿಎ 3,333. ಒಂದು ವಾರ ಬಿಟ್ಟು 27, ಎರಡು ವಾರ ಬಿಟ್ಟು 34, ನಾಲ್ಕು ವಾರಕ್ಕೆ ಪೂರ್ತಿ 40. ಇದನ್ನ ಶೇಕಡಾವಾರು ಮಾಡಿದ್ರೆ ವಾರ ಮುಗಿದ ತಕ್ಷಣ 45, ಒಂದು ವಾರಕ್ಕೆ 67.5, ಎರಡು ವಾರಕ್ಕೆ 85. ಈ ಮೂರು ಸಂಖ್ಯೆ ನೋಟಲ್ಲಿ ಇದ್ರೆ ಹೊಸಬರು ಕಳೆದ ವಾರದ 18 ನೋಡಿ ಗಾಬರಿ ಆಗೋ ಬದಲು 18 ಅನ್ನ 0.45ರಿಂದ ಭಾಗಿಸಿ 40 ಅಂತ ತಿಳ್ಕೊಳ್ತಾರೆ. ಲೆಕ್ಕ ತೆಗೆಯೋಕೆ ರಿಪೋರ್ಟಲ್ಲಿ `Days to conversion` ಸೆಗ್ಮೆಂಟ್ ಹಾಕಿ, ಕನಿಷ್ಠ ಎರಡು ತಿಂಗಳು ಹಳೇದಾದ ಕ್ಲಿಕ್‌ಗಳನ್ನ ತಗೊಳ್ಳಿ, ಹೊಸ ಕ್ಲಿಕ್ ಸೇರಿಸಿದ್ರೆ ಬೇಗ ಕನ್ವರ್ಟ್ ಆದವರೇ ಕಾಣ್ತಾರೆ, ತಡ ಅನ್ನೋದು ನಿಜಕ್ಕಿಂತ ಕಡಿಮೆ ಕಾಣತ್ತೆ. ಸೆಗ್ಮೆಂಟ್ ಪ್ರತಿ ಕ್ಲಿಕ್ಕಿಂದ ದಿನ ಎಣಿಸತ್ತೆ, ವಾರದ ಕೊನೆಯಿಂದ ಅಲ್ಲ, ಅದೂ ಒಂದು ಸಾಲು ಬರೆದಿಡಿ.

ಇಲ್ಲದಿದ್ರೆ ಏನಾಗತ್ತೆ ಅಂದ್ರೆ, ಸಿಪಿಎ 3,333 ಅಂತ ನೋಡಿದವರು ಟಾರ್ಗೆಟ್ಟನ್ನ 1,500ರಿಂದ 1,100ಕ್ಕೆ ಇಳಿಸ್ತಾರೆ. ಸ್ಮಾರ್ಟ್ ಬಿಡ್ಡಿಂಗ್ ತಡವಾಗಿ ಬರೋ ಕನ್ವರ್ಷನ್ನನ್ನ ತನ್ನ ಅಂದಾಜಲ್ಲಿ ಮೊದಲೇ ಸೇರಿಸ್ಕೊಂಡಿರತ್ತೆ, ಅದಕ್ಕೆ ಯಾವ ತೊಂದರೆನೂ ಇರಲಿಲ್ಲ, ಈಗ ಟಾರ್ಗೆಟ್ ಇಳಿದಿದ್ದಕ್ಕೆ ಅದು ಬಿಡ್ ಇಳಿಸತ್ತೆ, ಟ್ರಾಫಿಕ್ ಕಮ್ಮಿ ಆಗತ್ತೆ, ಲೀಡ್ ಇನ್ನೂ ಕಮ್ಮಿ ಆಗತ್ತೆ, ಅದನ್ನ ನೋಡಿ ಇನ್ನೊಂದ್ಸಲ ಇಳಿಸ್ತಾರೆ.

ವಿಚಿತ್ರವಾಗಿ ಕಾಣೋ ಸೆಟ್ಟಿಂಗ್‌ಗಳು

ಕ್ಯಾಂಪೇನ್ ಲಾಜಿಕ್ ಬರೆಯುವಾಗ ಎಲ್ಲಾ ಸೆಟ್ಟಿಂಗ್ ಬರೀಬೇಡಿ, ಯಾರೂ ಓದಲ್ಲ. ಡೀಫಾಲ್ಟಿಗಿಂತ ಬೇರೆ ಇರೋದನ್ನ ಮಾತ್ರ ಬರೀರಿ, ಪ್ರತಿಯೊಂದಕ್ಕೂ ಒಂದೇ ಅಚ್ಚಲ್ಲಿ:

```
ಏನು: NB_Search_Core, ಶನಿ-ಭಾನು ಆಡ್ಸ್ ಆಫ್
ಯಾಕೆ: ಆ ದಿನ ಸೇಲ್ಸ್ ಫೋನ್ ಮಾಡಲ್ಲ, ಎರಡು ದಿನ
      ಕಾದ ಲೀಡ್ ಕ್ವಾಲಿಫೈ ಆಗೋದು ಅರ್ಧಕ್ಕಿಳಿದಿತ್ತು
ಬದಲಾಯಿಸಿದ್ರೆ: ಫಾರ್ಮ್ ಜಾಸ್ತಿ, ಕ್ವಾಲಿಫೈಡ್ ಅಷ್ಟೇ
ಯಾವಾಗ ಹಳೇದಾಗತ್ತೆ: ಸೇಲ್ಸ್ ವಾರಾಂತ್ಯ ಶಿಫ್ಟ್ ಶುರು
      ಮಾಡಿದ ದಿನ
ಖಚಿತನಾ: ಹೌದು, ಸಿಆರ್‌ಎಂ ಲೆಕ್ಕ ನೋಡಿದೆ
```

ಇದರಲ್ಲಿ ಜನ ಬಿಟ್ಟುಬಿಡೋದು ಕೊನೆಯ ಎರಡು ಸಾಲು, ನನ್ನ ಪ್ರಕಾರ ಅವೇ ಮುಖ್ಯ. "ಯಾವಾಗ ಹಳೇದಾಗತ್ತೆ" ಬರೀದಿದ್ರೆ ನಿಮ್ಮ ನೋಟ್ ಒಂದು ನಿಯಮ ಆಗಿಬಿಡತ್ತೆ, ಸೇಲ್ಸ್ ಟೀಮ್ ಏಳೂ ದಿನ ಕೆಲಸ ಮಾಡ್ತಾ ಇದ್ರೂ ಎರಡು ವರ್ಷ ಆದ್ಮೇಲೂ ಶನಿವಾರ ಆಡ್ಸ್ ಆಫ್ ಇರತ್ತೆ, ಯಾಕೆ ಅಂದ್ರೆ ಹಿಂದಿನವರು ಹೇಳಿದ್ರು ಅಂತ. "ಖಚಿತನಾ" ಅನ್ನೋದಕ್ಕೆ ಮೂರೇ ಉತ್ತರ ಸಾಕು: ಲೆಕ್ಕ ಹಾಕಿ ನೋಡಿದೆ, ಅಂದಾಜು, ನನಗೂ ಹಿಂದಿನವರಿಂದ ಬಂದಿದ್ದು. ಮೂರನೇದನ್ನ ಹಾಗೇ ನೇರವಾಗಿ ಬರೀರಿ, ಹೊಸಬರು ಯಾವುದನ್ನ ಪ್ರಶ್ನಿಸ್ಬಹುದು ಅನ್ನೋದು ಅದರಿಂದಲೇ ಗೊತ್ತಾಗೋದು.

ಈ ಅಚ್ಚಲ್ಲಿ ಬರೀಬೇಕಾದ ಇನ್ನೆರಡು ಜಾಗ ಹೇಳಿ ಮುಂದೆ ಹೋಗ್ತೀನಿ. ಒಂದು, ಪರ್ಫಾರ್ಮೆನ್ಸ್ ಮ್ಯಾಕ್ಸ್ ಇದ್ದು ಅದರಲ್ಲಿ ಕಂಪನಿ ಹೆಸರನ್ನ ಬ್ರಾಂಡ್ ಎಕ್ಸ್‌ಕ್ಲೂಷನ್ ಹಾಕಿ ಹೊರಗಿಟ್ಟಿದ್ರೆ ಅದು. ತೆಗೆದ ಮರುದಿನದಿಂದ ಆ ಕ್ಯಾಂಪೇನ್ ಸಿಪಿಎ ಚೆನ್ನಾಗಿ ಕಾಣತ್ತೆ, ಆದ್ರೆ ಬ್ರಾಂಡ್ ಹೆಸರು ಹುಡುಕಿ ಹೇಗಿದ್ರೂ ಬರ್ತಿದ್ದವರೇ ಆ ಕಡೆ ಲೆಕ್ಕಕ್ಕೆ ಸೇರಿರ್ತಾರೆ, ಹೊಸ ಲೀಡ್ ಏನೂ ಬಂದಿರಲ್ಲ. ಎರಡು, ಲೊಕೇಶನ್ ಆಪ್ಷನ್. ಡೀಫಾಲ್ಟ್ ಇರೋದು ಆ ಜಾಗದಲ್ಲಿ ಇರೋರು ಜೊತೆಗೆ ಆ ಜಾಗದ ಬಗ್ಗೆ ಆಸಕ್ತಿ ತೋರಿಸಿದವರು ಅಂತ, ನೀವು ಇರೋರು ಮಾತ್ರ ಅಂತ ಮಾಡಿದ್ರೆ ಹೊಸ ಕ್ಯಾಂಪೇನ್ ಮಾಡುವಾಗ ಹೊಸಬರು ಅದನ್ನ ಮರೀತಾರೆ, ಹಾಗಾಗಿ ಅದನ್ನ ಕ್ಯಾಂಪೇನ್ ಹೆಸರಿನ ಕೆಳಗಲ್ಲ, ಹೊಸ ಕ್ಯಾಂಪೇನ್ ಮಾಡುವಾಗ ನೋಡ್ಬೇಕಾದ್ದು ಅಂತ ಬೇರೆಯಾಗಿ ಬರೀರಿ.

ಬಜೆಟ್ ಬಗ್ಗೆ ಒಂದೇ ಮಾತು. ಒಂದು ದಿನ ದಿನದ ಬಜೆಟ್ಟಿನ ಎರಡರಷ್ಟರವರೆಗೂ ಖರ್ಚಾಗ್ಬಹುದು, ತಿಂಗಳಿಗೆ ದಿನದ ಬಜೆಟ್ಟಿನ 30.4 ಪಟ್ಟು ದಾಟಲ್ಲ, ಇದು ಕೆಲಸ ಗೊತ್ತಿರೋರಿಗೆ ಗೊತ್ತಿರತ್ತೆ. ಗೊತ್ತಿಲ್ಲದೇ ಇರೋದು ನಿಮ್ಮ ಫೈನಾನ್ಸ್ ಟೀಮ್ ಯಾವ ಮೊತ್ತ ದಾಟಿದ್ರೆ ಫೋನ್ ಮಾಡತ್ತೆ ಅನ್ನೋದು, ಅದನ್ನ ಬರೀರಿ.

ನಡೀತಾ ಇರೋ ಟೆಸ್ಟು

ಅರ್ಧಕ್ಕೆ ಬಿಟ್ಟ ಟೆಸ್ಟ್ ಕೈ ಬದಲಾಯಿಸೋದು ಕಷ್ಟದ ಕೆಲಸ. ಮೊದಲು ನಿರ್ಧಾರ ಮಾಡ್ಬೇಕಾದ್ದು ಆ ಟೆಸ್ಟನ್ನ ಒಪ್ಪಿಸ್ಬೇಕಾ ನಿಲ್ಲಿಸ್ಬೇಕಾ ಅಂತ. ನನ್ನ ಅಳತೆ ಇಷ್ಟೆ: ಫಲಿತಾಂಶ ಓದೋ ದಿನ ನೀವು ಹೋದ ಆರು ವಾರದ ಒಳಗೆ ಇದ್ದು, ಆ ನಡುವೆ ಅಕೌಂಟ್ ನೋಡ್ಕೊಳ್ಳೋಕೆ ಒಬ್ರು ಇದ್ದಾರೆ ಅಂದ್ರೆ ಒಪ್ಪಿಸಿ. ಅಕೌಂಟ್ ಒಂದು ತಿಂಗಳು ಯಾರೂ ಇಲ್ಲದೆ ಇರತ್ತೆ ಅಂತಾದ್ರೆ ನಿಲ್ಲಿಸಿ, ಇಲ್ಲಿಯವರೆಗಿನ ಸಂಖ್ಯೆ ಬರೆದು ತೀರ್ಮಾನ ಆಗಿಲ್ಲ ಅಂತ ಹಾಕಿ. ಹೋಗೋ ವಾರದಲ್ಲಿ ಗೆದ್ದವರನ್ನ ಘೋಷಿಸಿ ಹೋಗೋದು ಮಾತ್ರ ಬೇಡ.

ನಮ್ಮ ಉದಾಹರಣೆಯಲ್ಲಿ ನಾನ್-ಬ್ರಾಂಡ್ ಸರ್ಚ್ ಕ್ಯಾಂಪೇನಲ್ಲಿ ಒಂದು ಕಸ್ಟಮ್ ಎಕ್ಸ್‌ಪೆರಿಮೆಂಟ್ ಓಡ್ತಾ ಇದೆ. ಎ ಕಡೆ ಹಳೇ ಉದ್ದದ ಫಾರ್ಮ್, ಬಿ ಕಡೆ ಮೂರೇ ಪ್ರಶ್ನೆಯ ಚಿಕ್ಕ ಫಾರ್ಮ್, ಟ್ರಾಫಿಕ್ ಅರ್ಧ ಅರ್ಧ. ಎರಡೂ ಕಡೆ ಖರ್ಚು 1,26,000. ಎ ಕಡೆ 210 ಫಾರ್ಮ್, 84 ಕ್ವಾಲಿಫೈಡ್. ಬಿ ಕಡೆ 300 ಫಾರ್ಮ್, 81 ಕ್ವಾಲಿಫೈಡ್.

ಹೊಸಬರು ಇದನ್ನ ನೋಡಿದ್ರೆ ಏನಂತಾರೆ? ಫಾರ್ಮ್ ಲೆಕ್ಕದಲ್ಲಿ ಎ ಕಡೆ ಒಂದಕ್ಕೆ 600 ಬಿ ಕಡೆ 420, ಬಿ ಗೆದ್ದಿದೆ, ಹಾಕಿಬಿಡೋಣ ಅಂತಾರೆ. ಕ್ವಾಲಿಫೈಡ್ ಲೆಕ್ಕದಲ್ಲಿ ನೋಡಿದ್ರೆ ಎ 1,500, ಬಿ 1,556, ಆಗ ಇನ್ನೊಬ್ರು ಬಂದು ಎ ಗೆದ್ದಿದೆ ಅಂತಾರೆ. ಎರಡನೇ ಮಾತೂ ನಿಲ್ಲಲ್ಲ. ಎರಡೂ ಕಡೆ ಟ್ರಾಫಿಕ್ಕೂ ಖರ್ಚೂ ಸಮ ಇದ್ದಾಗ ಒಂದು ಒರಟು ಲೆಕ್ಕ ಇದೆ, ಎರಡೂ ಕಡೆಯ ಕನ್ವರ್ಷನ್ ಕೂಡಿಸಿ, ಅದರ ವರ್ಗಮೂಲ ತೆಗೆದು, ಎರಡರಿಂದ ಗುಣಿಸಿ. ವ್ಯತ್ಯಾಸ ಅದಕ್ಕಿಂತ ಕಡಿಮೆ ಇದ್ರೆ ಅದು ಬರೀ ಆಕಸ್ಮಿಕ ಇರ್ಬಹುದು. 84 ಜೊತೆ 81 ಸೇರಿಸಿದ್ರೆ 165, ವರ್ಗಮೂಲ ಸುಮಾರು 13, ಎರಡು ಪಟ್ಟು 26. ಇಲ್ಲಿ ವ್ಯತ್ಯಾಸ ಬರೀ 3. ಅಂದ್ರೆ ಇದರಿಂದ ಇನ್ನೂ ಏನೂ ಹೇಳೋಕೆ ಆಗಲ್ಲ. ಫಾರ್ಮ್ ಲೆಕ್ಕ ಹಾಗಲ್ಲ, 510ರ ವರ್ಗಮೂಲದ ಎರಡು ಪಟ್ಟು 45, ವ್ಯತ್ಯಾಸ 90, ಅದು ನಿಜವಾದ ವ್ಯತ್ಯಾಸನೇ. ಚಿಕ್ಕ ಫಾರ್ಮ್ ಜಾಸ್ತಿ ಜನರಿಂದ ತುಂಬಿಸ್ತಾ ಇದೆ ಅನ್ನೋದು ಖಚಿತ, ಜಾಸ್ತಿ ಗಿರಾಕಿ ತರ್ತಾ ಇದೆ ಅನ್ನೋದು ಅಲ್ಲ. ಇದಲ್ಲದೆ ಸೇಲ್ಸ್ ಟೀಮ್ ಅಷ್ಟೇ ಕ್ವಾಲಿಫೈಡ್ ಲೀಡಿಗೆ ಬಿ ಕಡೆ 90 ಫೋನ್ ಜಾಸ್ತಿ ಮಾಡಿದೆ, ಆ ಖರ್ಚು ಆಡ್ ಅಕೌಂಟಲ್ಲಿ ಎಲ್ಲೂ ಕಾಣಲ್ಲ.

ಹಾಗಾಗಿ ಟೆಸ್ಟ್ ಬಗ್ಗೆ ನೋಟಲ್ಲಿ ಬರೀಬೇಕಾದ್ದು ಹೀಗಿರತ್ತೆ:

```
ಪ್ರಶ್ನೆ: ಚಿಕ್ಕ ಫಾರ್ಮ್ ಅದೇ ಖರ್ಚಲ್ಲಿ ಜಾಸ್ತಿ
        ಕ್ವಾಲಿಫೈಡ್ ಲೀಡ್ ತರತ್ತಾ?
ತೀರ್ಮಾನ ಮಾಡೋ ಸಂಖ್ಯೆ: qualified_lead ಮಾತ್ರ
ಓದೋ ದಿನ: ಕೊನೆ ಕ್ಲಿಕ್ ಆಗಿ 4 ವಾರ ಆದ್ಮೇಲೆ
ಬಿ ಗೆಲ್ಬೇಕಾದ್ರೆ: ವ್ಯತ್ಯಾಸ 2 x ವರ್ಗಮೂಲ ದಾಟ್ಬೇಕು
ದಾಟದಿದ್ರೆ: ಎ ಉಳಿಸಿ, ಸೇಲ್ಸ್ ಫೋನ್ ಕಮ್ಮಿ
ಮುಟ್ಟಬಾರದ್ದು: ಎರಡೂ ಕಡೆ ಟಾರ್ಗೆಟ್, ಬಜೆಟ್, ಪೇಜ್
```

ಗಮನಿಸಿ, ನಿಮಗೆ ಯಾವುದು ಗೆಲ್ಲತ್ತೆ ಅಂತ ಅನ್ಸತ್ತೆ ಅನ್ನೋದು ಇದರಲ್ಲಿ ಎಲ್ಲೂ ಇಲ್ಲ. ಬರೀಬೇಡಿ. ಬರೆದ್ರೆ ಓದೋರು ಅದಕ್ಕೆ ಸರಿಯಾದ ಸಂಖ್ಯೆನೇ ಹುಡುಕ್ತಾರೆ.

ಎಕ್ಸ್‌ಪೆರಿಮೆಂಟ್ ಸೆಟ್ಟಿಂಗಲ್ಲಿ ಮೂರು ವಿಷಯ ತೆರೆದು ನೋಡಿ ನೋಟಲ್ಲಿ ಹಾಕಿ. ಮುಗಿಯೋ ತಾರೀಖು ಯಾವುದು, ಯಾಕಂದ್ರೆ ಆ ದಿನ ಯಾರೂ ಏನೂ ಮಾಡದೇ ಇದ್ರೆ ಟ್ರಾಫಿಕ್ ಸುಮ್ನೆ ಹಳೇ ಕಡೆಗೆ ಹೋಗತ್ತೆ, ಟೆಸ್ಟ್ ಸೋತ ಹಾಗೆ ಆಗತ್ತೆ. ಸಿಂಕ್ ಆನ್ ಇದ್ಯಾ, ಇದ್ರೆ ಮೂಲ ಕ್ಯಾಂಪೇನಲ್ಲಿ ಮಾಡಿದ ಬದಲಾವಣೆ ಟೆಸ್ಟ್ ಕಡೆಗೂ ಹೋಗತ್ತೆ, ಇಲ್ಲದಿದ್ರೆ ಹೊಸಬರು ಒಂದು ನೆಗೆಟಿವ್ ಕೀವರ್ಡ್ ಸೇರಿಸಿದ ದಿನದಿಂದ ಎರಡು ಕಡೆ ಬೇರೆ ಬೇರೆ ಆಗಿಬಿಡತ್ತೆ. ಫಲಿತಾಂಶ ಚೆನ್ನಾಗಿದ್ರೆ ತಾನಾಗೇ ಅಪ್ಲೈ ಆಗೋ ಆಪ್ಷನ್ ಆನ್ ಇದ್ರೆ ಆಫ್ ಮಾಡಿ, ನಾಲ್ಕು ವಾರ ಕಾದು ಓದ್ಬೇಕಾದ ಟೆಸ್ಟಲ್ಲಿ ಆ ನಿರ್ಧಾರ ಒಬ್ಬ ಮನುಷ್ಯನ ಕೈಯಲ್ಲೇ ಇರ್ಬೇಕು.

ಮುಗಿದ ಟೆಸ್ಟುಗಳಿಗೆ ತಲಾ ಎರಡು ಸಾಲು ಸಾಕು: ಏನು ನೋಡಿದ್ವಿ, ಏನಾಯ್ತು, ಆಗ ಪರಿಸ್ಥಿತಿ ಏನಿತ್ತು. ಆ ಕೊನೆ ಭಾಗ ಬೇಕು. ಬ್ರಾಡ್ ಮ್ಯಾಚ್ ಕೆಲಸ ಮಾಡಲಿಲ್ಲ ಅಂತ ಬರೆದ್ರೆ ಯಾರಿಗೂ ಉಪಯೋಗ ಇಲ್ಲ, ಆಫ್‌ಲೈನ್ ಅಪ್‌ಲೋಡ್ ಶುರು ಮಾಡೋ ಮುಂಚೆ ನೋಡಿದ್ವಿ, ಆಗ ಬಿಡ್ಡಿಂಗ್ ಫಾರ್ಮ್ ಹಿಂದೆ ಓಡ್ತಾ ಇತ್ತು ಅಂತ ಬರೆದ್ರೆ ಹೊಸಬರು ಈಗ ಮತ್ತೆ ನೋಡ್ಬಹುದು ಅಂತ ತಿಳ್ಕೊಳ್ತಾರೆ.

ಗೊತ್ತಿರೋ ಸಮಸ್ಯೆಗಳು

ಈ ಭಾಗ ಬರೆಯುವಾಗ ಎಲ್ಲರಿಗೂ ಸ್ವಲ್ಪ ಮುಜುಗರ ಆಗತ್ತೆ, ಇದನ್ನ ಓದಿದ್ರೆ ನಾನು ಇಷ್ಟು ದಿನ ಏನು ಮಾಡ್ತಾ ಇದ್ದೆ ಅಂತ ಕೇಳ್ತಾರೇನೋ ಅಂತ. ಬರೀರಿ. ಸಮಸ್ಯೆ ಇದೆ ಅಂತ ಗೊತ್ತಿದ್ರೆ ಒಂದು ಗಂಟೆ ಕೆಲಸ, ಗೊತ್ತಿಲ್ಲದಿದ್ರೆ ಅದನ್ನ ಕಂಡುಹಿಡಿಯೋದಕ್ಕೇ ಎರಡು ವಾರ.

ಕಾರಣದಿಂದ ಶುರು ಮಾಡ್ಬೇಡಿ, ಲಕ್ಷಣದಿಂದ ಶುರು ಮಾಡಿ. ಹೊಸಬರಿಗೆ ಮೊದಲು ಕಾಣೋದು ಲಕ್ಷಣ, ಅವರು ನೋಟಲ್ಲಿ ಹುಡುಕೋದೂ ಅದನ್ನೇ. ನಮ್ಮ ಅಕೌಂಟಿನ ಎರಡು ಸಮಸ್ಯೆ ಹೀಗೆ ಬರೀತೀನಿ.

ಮೊದಲನೇದು, ಸಿಆರ್‌ಎಂನಲ್ಲಿ ಕೆಲವು ಲೀಡಿಗೆ `gclid` ಖಾಲಿ ಇರತ್ತೆ. ಆಡ್ ಕ್ಲಿಕ್ ಆದಾಗ ಯುಆರ್‌ಎಲ್ ಕೊನೆಗೆ ಸೇರೋ ಗುರುತು ಅದು, ಅದಿಲ್ಲದೆ ಈ ಶೀಟ್ ಅಪ್‌ಲೋಡಲ್ಲಿ ಯಾವ ಕ್ಲಿಕ್ಕಿಂದ ಲೀಡ್ ಬಂತು ಅಂತ ಹೊಂದಿಸೋಕೆ ಆಗಲ್ಲ. ಗೊತ್ತಿರೋ ಕಾರಣ, ಸೈಟಿನ ಒಂದು ರೀಡೈರೆಕ್ಟ್ ಯುಆರ್‌ಎಲ್‌ನ ಬಾಲ ಕತ್ತರಿಸತ್ತೆ. ಪರೀಕ್ಷೆ ಮಾಡೋದು ಸುಲಭ, ಲ್ಯಾಂಡಿಂಗ್ ಪೇಜ್ ವಿಳಾಸದ ಕೊನೆಗೆ ಕೈಯಾರೆ ಒಂದು ಗುರುತು ಸೇರಿಸಿ ಎಂಟರ್ ಒತ್ತಿ, ಪೇಜ್ ಪೂರ್ತಿ ತೆರೆದ ಮೇಲೂ ಅದು ವಿಳಾಸದಲ್ಲಿ ಉಳಿದಿದ್ಯಾ ನೋಡಿ:

```
?gclid=test123
```

ಉಳಿದಿದ್ರೆ ಅಷ್ಟಕ್ಕೇ ಬಿಡಬೇಡಿ, ಫಾರ್ಮ್ ತುಂಬಿ ಸಿಆರ್‌ಎಂವರೆಗೂ ಬಂತಾ ಅಂತ ನೋಡಿ, ಫಾರ್ಮಿನ ಹಿಡನ್ ಫೀಲ್ಡಲ್ಲೂ ಕಳೆದುಹೋಗ್ಬಹುದು. ಇದರ ಜೊತೆ ಸಾಮಾನ್ಯ ಮಟ್ಟ ಎಷ್ಟು ಅಂತ ಬರೀರಿ, ಉದಾಹರಣೆಗೆ ಪೇಯ್ಡ್ ಲೀಡಲ್ಲಿ ಶೇಕಡಾ 8 ಖಾಲಿ ಇರೋದು ಯಾವಾಗಲೂ ಇದ್ದಿದ್ದೇ, 15 ದಾಟಿದ್ರೆ ಸೈಟಲ್ಲಿ ಏನೋ ಬದಲಾಗಿದೆ, ಡೆವಲಪರ್ ಹತ್ರ ಕೇಳಿ ಅಂತ. ಈ ಸಂಖ್ಯೆ ಇಲ್ಲದಿದ್ರೆ ಹೊಸಬರು ಒಂದೋ 8ಕ್ಕೇ ಗಾಬರಿ ಆಗ್ತಾರೆ ಇಲ್ಲಾ 30 ಆದ್ರೂ ಹೀಗೇ ಇರತ್ತೆ ಅಂದ್ಕೊಳ್ತಾರೆ.

ಎರಡನೇದು, ಒಮ್ಮೊಮ್ಮೆ `qualified_lead` ಎರಡು ಮೂರು ದಿನ ಪೂರ್ತಿ ನಿಂತುಹೋಗತ್ತೆ. ತಡದಿಂದ ಕಮ್ಮಿ ಕಾಣೋದಕ್ಕೂ ಇದಕ್ಕೂ ವ್ಯತ್ಯಾಸ ತಿಳ್ಕೊಳ್ಳೋಕೆ `Conversions (by conv. time)` ಕಾಲಮ್ ಹಾಕಿ ನೋಡ್ಬೇಕು, ಅದು ಕನ್ವರ್ಟ್ ಆದ ದಿನಕ್ಕೆ ಲೆಕ್ಕ ಹಾಕತ್ತೆ. ಅದರಲ್ಲೂ ಸೇಲ್ಸ್ ಕೆಲಸ ಮಾಡಿದ ದಿನಗಳು ಸೊನ್ನೆ ತೋರಿಸಿದ್ರೆ ಅಪ್‌ಲೋಡ್ ಕೆಟ್ಟಿದೆ ಅಂತಲೇ. ಕಾರಣ ಸಾಮಾನ್ಯವಾಗಿ ಎರಡರಲ್ಲಿ ಒಂದು: ಸಿಆರ್‌ಎಂನಲ್ಲಿ ಯಾರೋ ಒಂದು ಫೀಲ್ಡಿನ ಹೆಸರು ಬದಲಾಯಿಸಿ ಶೀಟಿನ ಕಾಲಮ್ ಹೆಡಿಂಗ್ ತಪ್ಪಿರತ್ತೆ, ಇಲ್ಲಾ ಟೈಮ್‌ಝೋನ್ ಸರಿ ಇಲ್ಲದೆ ಕ್ಲಿಕ್ಕಿಗಿಂತ ಮುಂಚೆನೇ ಕನ್ವರ್ಷನ್ ಆಗಿದೆ ಅಂತ ಎರರ್ ಬಂದಿರತ್ತೆ. ಅಪ್‌ಲೋಡ್ ಹಿಸ್ಟರಿಯಲ್ಲಿ ಸಾಲು ಸಾಲಾಗಿ ಎರರ್ ನೋಡ್ಬಹುದು. ಶೀಟ್ ಸರಿ ಮಾಡಿ ಬಿಟ್ಟುಹೋದ ಸಾಲುಗಳನ್ನ ಮತ್ತೆ ಅಪ್‌ಲೋಡ್ ಮಾಡಿದ್ರೆ ಮುಗೀತು, ಆದ್ರೆ ಕ್ಲಿಕ್ ಆಗಿ 90 ದಿನ ದಾಟಿದ್ದು ಹೋಗಲ್ಲ, ಕನ್ವರ್ಷನ್ ವಿಂಡೋ ಅದಕ್ಕಿಂತ ಕಮ್ಮಿ ಇಟ್ಟಿದ್ರೆ ಆ ಕಮ್ಮಿನೇ ಮಿತಿ.

ಇಂಥ ಹೊತ್ತಲ್ಲಿ, ಈ ದಿನಗಳ ಡೇಟಾ ಬಿಡ್ಡಿಂಗ್ ಲೆಕ್ಕಕ್ಕೆ ತಗೋಬೇಡ ಅಂತ ಹೇಳೋ ಡೇಟಾ ಎಕ್ಸ್‌ಕ್ಲೂಷನ್ ಹಾಕೋಕೆ ಕೈ ಹೋಗತ್ತೆ. ಎರಡು ಮೂರು ದಿನದ್ದಕ್ಕೆ, ಸಾಲುಗಳನ್ನ ಮತ್ತೆ ಹಾಕೋಕೆ ಆಗೋದಾದ್ರೆ, ಬೇಡ ಅನ್ನೋದು ನನ್ನ ಅಭಿಪ್ರಾಯ. ಡೇಟಾ ವಾಪಸ್ ಸಿಗದೇ ಇದ್ದಾಗ ಮಾತ್ರ ಹಾಕಿ, ಆಗಲೂ ತಾರೀಖು ಕ್ಲಿಕ್ ಆದ ದಿನದ್ದು ಕೊಡ್ಬೇಕು, ಅಪ್‌ಲೋಡ್ ನಿಂತ ದಿನದ್ದಲ್ಲ. ಒಂಬತ್ತು ದಿನ ತಡ ಇರೋ ಅಕೌಂಟಲ್ಲಿ ಇವತ್ತು ಅಪ್‌ಲೋಡ್ ನಿಂತ್ರೆ ಪೆಟ್ಟು ಬೀಳೋದು ಹಿಂದಿನ ವಾರ ಎರಡು ವಾರದ ಕ್ಲಿಕ್ಕುಗಳಿಗೆ.

ನಿಮ್ಮ ಲಾಗಿನ್ ಜೊತೆ ಸಾಯೋ ವಿಷಯಗಳು

ಇದು ನೋಟಲ್ಲಿ ಬರೆದ್ರೆ ಸಾಲದು, ನೀವು ಇರುವಾಗಲೇ ಮಾಡಿ ಮುಗಿಸ್ಬೇಕು. ಗೂಗಲ್ ಆಡ್ಸ್ ಸ್ಕ್ರಿಪ್ಟ್ ಓಡೋದು ಅದಕ್ಕೆ ಅನುಮತಿ ಕೊಟ್ಟವರ ಹೆಸರಲ್ಲಿ, ಅವರ ಆಕ್ಸೆಸ್ ತೆಗೆದ ದಿನ ಸ್ಕ್ರಿಪ್ಟ್ ನಿಲ್ಲತ್ತೆ, ಎಷ್ಟೋ ಸಲ ಆ ಎಚ್ಚರಿಕೆ ಮೇಲ್ ಹೋಗೋದು ಕೂಡ ಮುಚ್ಚಿಹೋದ ಅದೇ ವಿಳಾಸಕ್ಕೆ. ಬಜೆಟ್ ದಾಟದ ಹಾಗೆ ಕಾಯೋ ಸ್ಕ್ರಿಪ್ಟ್ ಹೀಗೆ ಸದ್ದಿಲ್ಲದೆ ನಿಂತ್ರೆ ಗೊತ್ತಾಗೋದು ಬಿಲ್ ಬಂದ ಮೇಲೆ.

ಹೊಸಬರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಪ್ರತಿ ಸ್ಕ್ರಿಪ್ಟಿಗೆ ಅವರ ಲಾಗಿನ್ನಿಂದ ಮತ್ತೆ ಅನುಮತಿ ಕೊಡಿಸಿ, ಒಂದ್ಸಲ ಪ್ರಿವ್ಯೂ ಓಡಿಸಿ ಲಾಗ್ ನೋಡಿ. ಅಪ್‌ಲೋಡ್ ಶೀಟ್ ನಿಮ್ಮ ಡ್ರೈವಲ್ಲಿ ಇದ್ರೆ ಮಾಲೀಕತ್ವ ಬದಲಾಯಿಸಿ, ಶೆಡ್ಯೂಲ್ ಹೊಸದಾಗಿ ಹಾಕಿ. ಆಟೊಮೇಟೆಡ್ ರೂಲ್, ಶೆಡ್ಯೂಲ್ ಮಾಡಿದ ರಿಪೋರ್ಟ್, ಪೇಮೆಂಟ್ ಎಚ್ಚರಿಕೆ ಯಾರ ಮೇಲಿಗೆ ಹೋಗ್ತಾ ಇದೆ ನೋಡಿ. ಟ್ಯಾಗ್ ಮ್ಯಾನೇಜರಲ್ಲಿ ಪಬ್ಲಿಷ್ ಮಾಡೋ ಹಕ್ಕು ನಿಮ್ಮೊಬ್ಬರಿಗೇ ಇತ್ತಾ ಅಂತ ನೋಡಿ, ಅದು ಬಹಳ ಸಲ ಹಾಗೇ ಇರತ್ತೆ. ಪಾಸ್‌ವರ್ಡ್ ನೋಟಲ್ಲಿ ಹಾಕ್ಬೇಡಿ. ಆಮೇಲೆ ನಿಮ್ಮ ಆಕ್ಸೆಸ್ಸನ್ನ ಕೊನೇ ದಿನಕ್ಕಲ್ಲ, ಒಂದು ವಾರ ಮುಂಚೆನೇ ತೆಗೆಸಿ. ಏನು ನಿಲ್ಲತ್ತೆ ಅಂತ ಆ ವಾರದಲ್ಲಿ ಕಾಣತ್ತೆ, ಸರಿ ಮಾಡಿಕೊಡೋಕೆ ನೀವು ಇನ್ನೂ ಅಲ್ಲೇ ಇರ್ತೀರ.

ಕೊನೇ ಎರಡು ವಾರ ದೊಡ್ಡ ಬದಲಾವಣೆ ಏನೂ ಮಾಡ್ಬೇಡಿ. ಬಿಡ್ ಸ್ಟ್ರಾಟಜಿ ಬದಲಾಯಿಸಿ ಹೋದ್ರೆ ಅದು ಲರ್ನಿಂಗಲ್ಲಿ ಇರುವಾಗ ಹೊಸಬರು ಬಂದು ಕೂರ್ತಾರೆ, ಸಂಖ್ಯೆ ಅಲುಗಾಡೋದು ನಿಮ್ಮ ಬದಲಾವಣೆಯಿಂದನಾ ಅವರದ್ದರಿಂದನಾ ಅಂತ ಯಾರಿಗೂ ಬೇರೆ ಮಾಡೋಕೆ ಆಗಲ್ಲ.

ನೋಟ್ ಸಾಕಾಗತ್ತಾ ಅಂತ ನೋಡೋದು

ಓದಿ ಹೇಳಿ ಅಂತ ಕೊಟ್ರೆ ಎಲ್ಲರೂ ಚೆನ್ನಾಗಿದೆ ಅಂತಾರೆ. ಅದರ ಬದಲು ನೋಟ್ ಮಾತ್ರ ಕೈಗೆ ಕೊಟ್ಟು ಮೂರು ಕೆಲಸ ಹೇಳಿ, ನೀವು ಸುಮ್ನೆ ಕೂತ್ಕೊಳ್ಳಿ. ಕಳೆದ ವಾರದ ನಿಜವಾದ ಸಿಪಿಎ ಅಂದಾಜು ಮಾಡಿ. ಈ ಟೆಸ್ಟನ್ನ ಯಾವ ತಾರೀಖಿಗೆ ಓದ್ತೀರ, ಯಾವ ಸಂಖ್ಯೆ ಬಂದ್ರೆ ಬಿ ಹಾಕ್ತೀರ ಹೇಳಿ. ಅಪ್‌ಲೋಡ್ ನಿಂತಿದೆ ಅಂದ್ಕೊಂಡು ಎರರ್ ಎಲ್ಲಿದೆ ತೋರಿಸಿ. ಅವರು ಎಲ್ಲಿ ತಡವರಿಸಿ ನಿಮ್ಮ ಮುಖ ನೋಡ್ತಾರೋ ಅಲ್ಲಿ ನೋಟ್ ತಿದ್ದಿ. ಬಾಯಲ್ಲಿ ಉತ್ತರ ಹೇಳಿಬಿಟ್ರೆ ಅದು ಅವರೊಬ್ಬರ ತಲೇಲಿ ಉಳಿಯತ್ತೆ, ನೋಟಲ್ಲಿ ಬರಲ್ಲ, ಅವರ ನಂತರ ಬರೋರಿಗೆ ಮತ್ತೆ ಅದೇ ತೊಂದರೆ.

ಕೊನೆಗೆ ನೋಟಿನ ಮೊದಲ ಪುಟದಲ್ಲೇ ತಾರೀಖು ಹಾಕಿದ ಒಂದು ಚಿಕ್ಕ ಪಟ್ಟಿ ಇಡಿ: ಟಾರ್ಗೆಟ್ ಸಿಪಿಎ ಯಾವ ದಿನದವರೆಗೆ ಮುಟ್ಟಬಾರದು, ಟೆಸ್ಟಿಗೆ ಕೊನೆ ಕ್ಲಿಕ್ ಯಾವತ್ತು, ಅದನ್ನ ಓದೋ ದಿನ ಯಾವತ್ತು, ಖಾಲಿ `gclid` ಲೆಕ್ಕ ವಾರದಲ್ಲಿ ಯಾವ ದಿನ ನೋಡ್ಬೇಕು, ಸಿಆರ್‌ಎಂ ಫೀಲ್ಡ್ ಬದಲಾಯಿಸೋ ಮುಂಚೆ ಸೇಲ್ಸ್ ಟೀಮಿನವರು ಯಾರಿಗೆ ಹೇಳ್ಬೇಕು. ಅದೇ ತಾರೀಖುಗಳನ್ನ ಹೊಸಬರ ಕ್ಯಾಲೆಂಡರಲ್ಲೂ ಹಾಕಿಸಿ, ಟೆಸ್ಟ್ ಓದೋ ದಿನದ ಇನ್ವೈಟಲ್ಲಿ ತೀರ್ಮಾನದ ಸಾಲುಗಳನ್ನ ಪೂರ್ತಿ ಪೇಸ್ಟ್ ಮಾಡಿ, ನೋಟ್ ಎಲ್ಲಿದೆ ಅಂತ ಆವತ್ತು ಹುಡುಕೋ ಹಾಗೆ ಆಗ್ಬಾರದು.